ಅಪ್ಪ ಹೋದ ಮೇಲೆ ಊರಿಗೆ ಬರೆಯುವ ಕೃತಜ್ಞತೆ: ಯಾರ ಹೆಸರು ಹಾಕುವುದು, ಯಾರದ್ದು ಬಿಡುವುದು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಜುಲೈ ಮಳೆಯಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ರಾತ್ರಿಯೇ ಊರಿಗೆ ತಂದು, ಮಾರನೇ ದಿನ ನಮ್ಮ ಜಮೀನಿನಲ್ಲೇ ಸಂಸ್ಕಾರ ಮಾಡಿದೆವು. ಹದಿಮೂರನೇ ದಿನದ ಕಾರ್ಯವೂ ಮುಗಿದಿದೆ. ಈಗ ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕೃತಜ್ಞತೆ ಹೇಳಬೇಕು. ಅಣ್ಣ ನಲವತ್ತಕ್ಕೂ ಹೆಚ್ಚು ಹೆಸರಿನ ಪಟ್ಟಿ ಮಾಡಿದ್ದಾನೆ. ತಂಗಿ ಹೆಸರೇ ಬೇಡ, ಎಲ್ಲರಿಗೂ ಧನ್ಯವಾದ ಅಂತ ಹಾಕಿ ಸಾಕು ಅಂತಾಳೆ. ಚಿಕ್ಕಪ್ಪ ಒಬ್ಬರು ಜಾಗದ ತಕರಾರಿನಿಂದ ಬರಲೇ ಇಲ್ಲ, ಅದೂ ಅಮ್ಮನ ಮನಸ್ಸಿನಲ್ಲಿದೆ. ಯಾರ ಹೆಸರು ಬರೆಯಬೇಕು, ಹೇಗೆ ಬರೆಯಬೇಕು? ಅಣ್ಣನ ಪಟ್ಟಿ, ಅವನು ಬರೆದ ಕರಡು, ಯಾರು ಏನು ಮಾಡಿದರು ಅನ್ನೋ ವಿವರ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಅಣ್ಣನ ದಾರಿಯೂ ಬೇಡ, ತಂಗಿಯ ದಾರಿಯೂ ಬೇಡ. ಜನರ ಹೆಸರಿನ ಬದಲು ಅವರು ಮಾಡಿದ ಕೆಲಸವನ್ನು ಬರೆಯಿರಿ. ಆ ಕೆಲಸ ಮಾಡಿದವರನ್ನು ಊರು, ಕೇರಿ, ಮನೆ ಅಂತ ಗುಂಪಾಗಿ ಹೇಳಿ. ಒಂಟಿ ಹೆಸರು ಎರಡೋ ಮೂರೋ ಉಳಿದರೆ ಸಾಕು. ಯಾಕೆ ಅಂತ ಹೇಳುತ್ತೇನೆ.

ನಾನು ಶಿವಮೊಗ್ಗದಲ್ಲಿ ಪ್ರೆಸ್ ಇಟ್ಟುಕೊಂಡಿದ್ದವನು. ವೈಕುಂಠ ಸಮಾರಾಧನೆ ಕಾರ್ಡು, ಶಿವಗಣಾರಾಧನೆ ಕಾರ್ಡು, ಪೇಪರಿಗೆ ಶ್ರದ್ಧಾಂಜಲಿ, ಆಮೇಲೆ ಕೃತಜ್ಞತೆಯ ಜಾಹೀರಾತು, ಇವೇ ನನ್ನ ಟೇಬಲ್ ಮೇಲೆ ಜಾಸ್ತಿ ಬರುತ್ತಿದ್ದವು. ಹಾಗಾಗಿ ಒಂದು ವಿಷಯ ಖಾತ್ರಿಯಾಗಿ ಗೊತ್ತು. ಸಾವಿನ ಕಾರ್ಡಿನಲ್ಲಿ ಹೆಸರು ತಪ್ಪಿದರೆ ಜನ ಸುಮ್ನಿರುತ್ತಾರೆ. ಗಾಬರಿಯಲ್ಲಿ ಮಾಡಿಸಿದ್ದು ಅಂತ ಬಿಟ್ಟುಬಿಡುತ್ತಾರೆ. ಕೃತಜ್ಞತೆಯಲ್ಲಿ ಹೆಸರು ಬಿಟ್ಟುಹೋದರೆ ಹಾಗಲ್ಲ. ಅದು ಸಾವಕಾಶವಾಗಿ ಕೂತು ಬರೆದದ್ದು ತಾನೇ? ಬೇಕಂತಲೇ ಬಿಟ್ಟಿದ್ದಾರೆ ಅಂತಲೇ ಓದುತ್ತಾರೆ.

ಪಟ್ಟಿಯ ತೊಂದರೆ ಬಿಟ್ಟುಹೋದ ಹೆಸರು ಮಾತ್ರ ಅಲ್ಲ. ಪಟ್ಟಿ ಅಂದಮೇಲೆ ಅದಕ್ಕೊಂದು ಕ್ರಮ ಇರಬೇಕು. ಮೊದಲು ಡಾಕ್ಟರು, ಆಮೇಲೆ ಶಾಸಕರು, ಸೊಸೈಟಿ ಅಧ್ಯಕ್ಷರು, ಮಂಡಿ ಸಾಹುಕಾರರು, ಆಮೇಲೆ ನೆಂಟರು, ಕೊನೆಗೆ ಜಾಗ ಉಳಿದರೆ ಅಕ್ಕಪಕ್ಕದ ಮನೆಯವರು. ಪೇಪರಿನಲ್ಲಿ ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಹಾಗಾಗಿ ಉದ್ದ ಆಯಿತು ಅಂದಕೂಡಲೇ ಕೆಳಗಿನಿಂದ ಕತ್ತರಿ ಬೀಳುತ್ತಿತ್ತು. ಕತ್ತರಿಸಿದವರೆಲ್ಲ ‘ಮತ್ತು ಇತರರು’ ಅನ್ನೋ ಎರಡು ಪದದೊಳಗೆ ಹೋಗಿ ಕೂರುತ್ತಿದ್ದರು. ಚಟ್ಟ ಕಟ್ಟಿದವರು, ಹೆಗಲು ಕೊಟ್ಟವರು, ಮಳೆಯಲ್ಲಿ ಕಟ್ಟಿಗೆ ಹೊತ್ತವರು, ಎಲ್ಲರೂ ‘ಇತರರು’. ಹತ್ತು ನಿಮಿಷ ಬಂದು ಹಾರ ಹಾಕಿ ಕಾರು ಹತ್ತಿದವರ ಹೆಸರು ದಪ್ಪಕ್ಷರದಲ್ಲಿ. ನಿಮ್ಮ ಅಣ್ಣನ ಪಟ್ಟಿಯಲ್ಲೂ ಮೊದಲ ಆರು ಹೆಸರು ಇಂಥವೇ. ಅವರು ಬಂದದ್ದು ದೊಡ್ಡ ಮಾತೇ, ಇಲ್ಲ ಅನ್ನಲ್ಲ. ಆದರೆ ಅವರಿಲ್ಲದಿದ್ದರೂ ಅಪ್ಪನ ಸಂಸ್ಕಾರ ಆಗುತ್ತಿತ್ತು.

ತಂಗಿ ಹೇಳಿದ್ದು ಸುರಕ್ಷಿತ. ಯಾರಿಗೂ ನೋವಾಗಲ್ಲ. ಆದರೆ ಯಾರಿಗೂ ತಲುಪೋದೂ ಇಲ್ಲ. ‘ನಮ್ಮ ದುಃಖದಲ್ಲಿ ಭಾಗಿಯಾಗಿ, ಸಾಂತ್ವನ ಹೇಳಿ, ತನು ಮನ ಧನದಿಂದ ಸಹಕರಿಸಿದ ಸಮಸ್ತ ಬಂಧು ಮಿತ್ರರಿಗೂ ಹೃತ್ಪೂರ್ವಕ ಕೃತಜ್ಞತೆಗಳು.’ ಈ ವಾಕ್ಯವನ್ನು ಪ್ರೆಸ್ಸಿನಲ್ಲಿ ನಾವು ರೆಡಿ ಮಾಡಿ ಇಟ್ಟುಕೊಂಡಿದ್ದೆವು. ಗಿರಾಕಿ ಬಂದರೆ ಹೆಸರು, ಫೋಟೋ ಬದಲಾಯಿಸಿದರೆ ಆಯಿತು. ಓದುವವರಿಗೂ ಅದು ಗೊತ್ತು. ಕೆಳಗೆ ಒಂದು ಕೈಮುಗಿದ ಚಿತ್ರ ಹಾಕಿ ಮುಂದಿನ ಮೆಸೇಜಿಗೆ ಹೋಗುತ್ತಾರೆ.

ನಮ್ಮ ಕಡೆ ಈ ಬರಹಕ್ಕೆ ಇನ್ನೊಂದು ಕಾರಣಕ್ಕೂ ತೂಕ ಜಾಸ್ತಿ. ಸಾವಿನ ಮನೆಗೆ ಬಂದವರು ಹೋಗುವಾಗ ‘ಹೋಗಿ ಬರ್ತೀವಿ’ ಅನ್ನಲ್ಲ, ಎದ್ದು ಸುಮ್ಮನೆ ಹೊರಟುಬಿಡುತ್ತಾರೆ. ಮನೆಯವರೂ ‘ಮತ್ತೆ ಬನ್ನಿ’ ಅನ್ನಲ್ಲ, ಥ್ಯಾಂಕ್ಸ್ ಅಂತೂ ಹೇಳಲ್ಲ. ಆ ದಿನ ಬಾಯಿಬಿಟ್ಟು ಹೇಳಲಾಗದ ಮಾತು ಹಾಗೇ ಬಾಕಿ ಉಳಿದಿರುತ್ತದೆ. ಹದಿಮೂರು ಕಳೆದ ಮೇಲೆ ಅದನ್ನು ಹೇಳುವ ಜಾಗ ಇದು. ಅದಕ್ಕೇ ರೆಡಿ ವಾಕ್ಯ ಇಲ್ಲಿ ಸಪ್ಪೆ ಅನಿಸೋದು.

ಈಗ ಕೆಲಸಕ್ಕೆ ಬರೋಣ. ಪಟ್ಟಿ ಪಕ್ಕಕ್ಕಿಡಿ. ಅಮ್ಮ, ಅಣ್ಣ, ನೀವು ಮೂವರೂ ಕೂತು, ಆಸ್ಪತ್ರೆಯಿಂದ ಫೋನ್ ಬಂದ ಹೊತ್ತಿನಿಂದ ಹದಿಮೂರನೇ ದಿನದ ಊಟದ ಎಲೆ ತೆಗೆಯುವವರೆಗೆ ಏನೇನಾಯಿತು ಅಂತ ಗಂಟೆಯ ಕ್ರಮದಲ್ಲಿ ಬರೆಯಿರಿ. ಆಗ ಏನು ಬೇಕಾಯಿತು, ಅದು ಹೇಗೆ ಆಯಿತು, ಯಾರಿಂದ ಆಯಿತು. ಹೀಗೆ ಬರೆಯುವಾಗ ದೊಡ್ಡವರು, ಸಣ್ಣವರು ಅನ್ನೋ ಕ್ರಮ ತಾನಾಗಿ ಬಿದ್ದುಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದವರೂ ನೆನಪಿಗೆ ಬರುತ್ತಾರೆ.

ನೀವು ಕಳಿಸಿದ ವಿವರವನ್ನೇ ಹಾಗೆ ಜೋಡಿಸಿ ನೋಡಿದೆ. ಮೊದಲ ಗಂಟೆಗಳೆಲ್ಲ ರಸ್ತೆಯದ್ದು. ಮಣಿಪಾಲದಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕು. ಜುಲೈ ತಿಂಗಳ ರಾತ್ರಿಯಲ್ಲಿ ಆ ತಿರುವುಗಳಲ್ಲಿ ಮಂಜು ಕೂತರೆ ಮುಂದಿನ ಗಾಡಿಯ ಹಿಂದಿನ ಲೈಟೂ ಕಾಣಲ್ಲ. ನಿಮ್ಮ ವಿವರದಲ್ಲಿ ಒಂದು ಸಾಲಿದೆ: ಆಗುಂಬೆಯಲ್ಲಿ ಊರಿನ ಹುಡುಗರು ಎರಡು ಜೀಪಿನಲ್ಲಿ ಕಾದಿದ್ದರು, ಆಂಬುಲೆನ್ಸಿನ ಮುಂದೊಂದು ಹಿಂದೊಂದು ಹೋಗಿ ಮನೆಯ ಕಚ್ಚಾ ರಸ್ತೆಯವರೆಗೆ ದಾರಿ ತೋರಿಸಿದರು. ಅಣ್ಣನ ಪಟ್ಟಿಯಲ್ಲಿ ಈ ಹುಡುಗರಲ್ಲಿ ಒಬ್ಬನ ಹೆಸರು ಮಾತ್ರ ಇದೆ, ಅದೂ ಅವನ ಅಪ್ಪನ ಹೆಸರಿನ ಜೊತೆ. ಉಳಿದವರು ಎಲ್ಲಿ?

ಆಮೇಲಿನದ್ದು ಕಟ್ಟಿಗೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಕೂತು ಓದುವ ನಿಮ್ಮ ನೆಂಟರಿಗೆ ಇದು ಅರ್ಥವಾಗಲಿಕ್ಕಿಲ್ಲ. ಒಂದು ಚಿತೆಗೆ ನಾಲ್ಕೈದು ಕ್ವಿಂಟಾಲ್ ಕಟ್ಟಿಗೆ ಬೇಕು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮಲೆನಾಡಿನಲ್ಲಿ ಜುಲೈಯಲ್ಲಿ ಒಣ ಕಟ್ಟಿಗೆ ಹೊರಗೆಲ್ಲೂ ಸಿಗಲ್ಲ. ಇರೋದು ಮನೆಯವರು ಬೇಸಿಗೆಯಲ್ಲೇ ಒಡೆಸಿ ಕೊಟ್ಟಿಗೆಯಲ್ಲಿ ಪೇರಿಸಿಟ್ಟ ಸೌದೆ ಮಾತ್ರ. ಅದು ಅವರ ಇಡೀ ಮಳೆಗಾಲದ ಬಚ್ಚಲೊಲೆಗೆ, ಅಡುಗೆ ಒಲೆಗೆ ಲೆಕ್ಕ ಹಾಕಿ ಇಟ್ಟದ್ದು. ಮೇಲಿನ ಕೇರಿಯ ಮೂರು ಮನೆಯವರು ಅದನ್ನು ತೆಗೆದುಕೊಟ್ಟಿದ್ದಾರೆ. ಒಬ್ಬರು ಕರಟ ತುಂಬಿದ ಎರಡು ಗೋಣಿಚೀಲ ಕೊಟ್ಟಿದ್ದಾರೆ, ಮಳೆಯಲ್ಲಿ ಬೆಂಕಿ ಹಿಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಇನ್ನೊಬ್ಬರು ತಮ್ಮ ದನದ ಕೊಟ್ಟಿಗೆಯ ಮಾಡಿನ ತಗಡು ಬಿಚ್ಚಿ ತಂದು, ಬೆಂಕಿ ಹಿಡಿಯುವವರೆಗೆ ನಾಲ್ಕು ಜನ ಹಿಡಿದು ನಿಂತಿದ್ದಾರೆ. ಆ ರಾತ್ರಿ ಅವರ ದನ ನೆನೆದಿರಬೇಕು. ಇದನ್ನು ‘ತನು ಮನ ಧನ’ ಅಂತ ಬರೆದರೆ ಏನು ತಿಳಿಯಿತು?

ಮೂರನೆಯದು ಅಡುಗೆ, ಮತ್ತೆ ಅಮ್ಮನ ಜೊತೆ ಇದ್ದದ್ದು. ಮನೆಯಲ್ಲಿ ಒಲೆ ಹಚ್ಚದ ದಿನ ಪಕ್ಕದ ಮನೆಯಿಂದ ಗಂಜಿ, ಉಪ್ಪಿನಕಾಯಿ, ಮಕ್ಕಳಿಗೆ ಅನ್ನ ಸಾರು ಬಂದಿದೆ. ಮೂರು ಜನ ಹೆಂಗಸರು ಸರದಿ ಹಾಕಿಕೊಂಡು ರಾತ್ರಿ ಅಮ್ಮನ ಪಕ್ಕ ಮಲಗಿದ್ದಾರೆ. ಅಣ್ಣನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇಡೀ ಪಟ್ಟಿಯಲ್ಲಿ ಹೆಂಗಸರ ಹೆಸರು ಎರಡೇ, ಅವರಲ್ಲಿ ಒಬ್ಬರು ಆಸ್ಪತ್ರೆಯ ಡಾಕ್ಟರು. ಅಡುಗೆ ಕಳಿಸಿದ ಮನೆಯಿಂದ ಯಜಮಾನರ ಹೆಸರು ಇದೆ. ಕುಕ್ಕರ್ ಇಟ್ಟವರು ಅವರಾ? ಇದು ನಿಮ್ಮ ಅಣ್ಣನೊಬ್ಬನ ತಪ್ಪಲ್ಲ, ನನ್ನ ಕೈಗೆ ಬಂದ ಪಟ್ಟಿಗಳೆಲ್ಲ ಹೀಗೇ ಇರುತ್ತಿದ್ದವು. ಅಮ್ಮನನ್ನು ಕೂರಿಸಿಕೊಂಡು ಬರೆಯಿರಿ ಅಂದದ್ದು ಇದಕ್ಕೇ. ಯಾರು ಬಂದು ತಲೆ ಬಾಚಿದರು, ಯಾರು ಬಲವಂತವಾಗಿ ಎರಡು ತುತ್ತು ತಿನ್ನಿಸಿದರು ಅನ್ನೋದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಇನ್ನೊಂದು ಗುಂಪು ಪಟ್ಟಿಯಿಂದ ಯಾವಾಗಲೂ ಬಿದ್ದುಹೋಗುತ್ತದೆ. ತೋಟದ ಕೆಲಸದವರು. ನಿಮ್ಮ ವಿವರದಲ್ಲಿ ‘ನಮ್ಮ ಆಳುಗಳು ಗದ್ದೆಯಂಚಿನಲ್ಲಿ ಜಾಗ ಸರಿಮಾಡಿದರು’ ಅಂತ ಇದೆ, ಪಟ್ಟಿಯಲ್ಲಿ ಇಲ್ಲ. ಕೂಲಿ ಕೊಡುತ್ತೇವಲ್ಲ ಅಂತ ಬಿಡುತ್ತಾರೆ. ಆ ದಿನ ಕೂಲಿ ಕೊಟ್ಟಿದ್ದೀರಾ? ಅವರು ಕೇಳಿದರಾ? ಕೂಲಿ ಕೊಟ್ಟಿದ್ದರೂ ಪೋಸ್ಟಿನಲ್ಲಿ ಅವರಿಗೆ ಒಂದು ಸಾಲು ಇರಲಿ. ‘ಆಳುಗಳು’ ಅಂತ ಬೇಡ. ಅಪ್ಪನ ಜೊತೆ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಅಂತ ಬರೆಯಿರಿ, ಅದು ನಿಜವೂ ಹೌದು.

ಹಾಗಾದರೆ ಒಂಟಿ ಹೆಸರು ಯಾರದ್ದು ಉಳಿಯಬೇಕು? ಗುಂಪಿನಲ್ಲಿ ಸೇರಿಸಲಾಗದವರದ್ದು ಮಾತ್ರ. ಅಂದರೆ ಊರಿನವರಲ್ಲದ, ನೆಂಟರಲ್ಲದ, ಆದರೂ ಒಂದು ಕೆಲಸವನ್ನು ಒಬ್ಬರೇ ಹೊತ್ತವರು. ನಿಮ್ಮ ವಿಷಯದಲ್ಲಿ ಅಂಥವರು ಇಬ್ಬರು. ಆಂಬುಲೆನ್ಸ್ ಓಡಿಸಿದವರು ಒಬ್ಬರು. ಕಚ್ಚಾ ರಸ್ತೆಯಲ್ಲಿ ಗಾಡಿ ಹೂತಾಗ ಬಿಟ್ಟು ಹೋಗದೆ ಬೆಳಗಿನವರೆಗೆ ಇದ್ದವರು. ಇನ್ನೊಬ್ಬರು ಮಣಿಪಾಲದಲ್ಲಿ ಓದುವ, ನಿಮಗೆ ಅಲ್ಲಿಯವರೆಗೆ ಪರಿಚಯವೇ ಇಲ್ಲದಿದ್ದ ಹುಡುಗ, ರಕ್ತ ಕೊಟ್ಟವನು. ಇವರಿಬ್ಬರ ಹೆಸರು ಹಾಕಿ. ಹಾಕುವ ಮುಂಚೆ ಇಬ್ಬರಿಗೂ ಫೋನ್ ಮಾಡಿ ಕೇಳಿ. ರಕ್ತ ಕೊಟ್ಟವರು ಕೆಲವರು ಹೆಸರು ಬೇಡ ಅನ್ನುತ್ತಾರೆ, ಆಗ ‘ರಕ್ತ ಕೊಟ್ಟ ವಿದ್ಯಾರ್ಥಿ’ ಅಂದರೆ ಸಾಕು. ಡಾಕ್ಟರ ಹೆಸರೂ ಅವರನ್ನು ಕೇಳಿಯೇ ಹಾಕಬೇಕು. ನನ್ನ ಸಲಹೆ ಕೇಳಿದರೆ, ‘ಆ ವಾರ್ಡಿನ ಡಾಕ್ಟರು, ನರ್ಸುಗಳು’ ಅಂತ ಸೇರಿಸಿ ಬರೆಯೋದು ಒಳ್ಳೆಯದು. ರಾತ್ರಿ ಮೂರು ಗಂಟೆಗೆ ಡ್ರಿಪ್ ಬದಲಾಯಿಸಿದ ನರ್ಸಿನ ಹೆಸರು ಯಾರಿಗೂ ಗೊತ್ತಿರಲ್ಲ, ಅಲ್ವಾ?

ಶಾಸಕರು, ಸೊಸೈಟಿ ಅಧ್ಯಕ್ಷರ ಬಗ್ಗೆ ಅಣ್ಣ ಒಪ್ಪದೇ ಇರಬಹುದು. ‘ಅವರ ಹೆಸರು ಹಾಕದಿದ್ದರೆ ಚೆನ್ನಾಗಿರಲ್ಲ’ ಅನ್ನುತ್ತಾನೆ. ಮನೆಗೆ ಬಂದ ಸಂಘ ಸಂಸ್ಥೆಗಳ ಹಿರಿಯರು, ಜನಪ್ರತಿನಿಧಿಗಳು ಅಂತ ಒಂದೇ ಸಾಲಿನಲ್ಲಿ ಮುಗಿಸಿ. ಅವರಿಗೆ ಪ್ರತ್ಯೇಕ ಮೆಸೇಜ್ ಕಳಿಸಿದರೆ ಇನ್ನೂ ಖುಷಿಪಡುತ್ತಾರೆ. ಅವರು ನಿಮ್ಮ ಪೋಸ್ಟ್ ಓದೋದು ಅನುಮಾನ, ಅವರ ಪಿಎ ಓದಬಹುದು.

ಈಗ ಚಿಕ್ಕಪ್ಪನ ವಿಷಯ. ಅವರ ಬಗ್ಗೆ ಏನೂ ಬರೆಯಬೇಡಿ. ಇಷ್ಟು ಹೇಳಿದರೆ ನೀವು ಸರಿ ಅನ್ನುತ್ತೀರಿ, ಆದರೆ ಚುಚ್ಚು ಮಾತು ನಾವು ಬರೆಯದೆಯೂ ಬರಹದೊಳಗೆ ಬಂದುಬಿಡುತ್ತದೆ. ನಿಮ್ಮ ಅಣ್ಣನ ಕರಡಿನಲ್ಲೇ ಎರಡು ಕಡೆ ಇದೆ. ‘ಕಷ್ಟಕಾಲದಲ್ಲಿ ನಮ್ಮ ಜೊತೆ ನಿಂತ ನಿಜವಾದ ಬಂಧುಗಳಿಗೆ’ ಅಂತ ಮೊದಲನೇ ಸಾಲು. ‘ನಿಜವಾದ’ ಅಂದಕೂಡಲೇ ಊರೆಲ್ಲ ಸುಳ್ಳು ಬಂಧು ಯಾರು ಅಂತ ಹುಡುಕುತ್ತದೆ. ಹುಡುಕಬೇಕಾಗಿಯೂ ಇಲ್ಲ, ಎಲ್ಲರಿಗೂ ಗೊತ್ತು. ಇನ್ನೊಂದು ಕಡೆ ‘ಸ್ವಂತದವರಿಗಿಂತ ಹೆಚ್ಚಾಗಿ ನೋಡಿಕೊಂಡ ನೆರೆಹೊರೆಯವರು’ ಅಂತಿದೆ. ನೆರೆಹೊರೆಯವರನ್ನು ಹೊಗಳಲು ಸ್ವಂತದವರನ್ನು ಅಳೆಯಬೇಕಿಲ್ಲ. ಎರಡನ್ನೂ ತೆಗೆಯಿರಿ. ಅವುಗಳ ಬದಲು ಒಂದು ಸಾಲು ಸೇರಿಸಿ: ‘ಬರಲಾಗದೆ ಇದ್ದಲ್ಲಿಂದಲೇ ಅಪ್ಪನನ್ನು ನೆನೆದ ಎಲ್ಲರಿಗೂ.’ ಚಿಕ್ಕಪ್ಪ ಅದರೊಳಗೆ ಬರಬೇಕು ಅಂದುಕೊಂಡರೆ ಬರುತ್ತಾರೆ, ಬೇಡ ಅಂದರೆ ಇಲ್ಲ. ಅಣ್ಣ ತಮ್ಮಂದಿರ ಜಾಗದ ತಕರಾರು ಇರುವಾಗ ಇಂಥ ಪೋಸ್ಟಿನ ಸ್ಕ್ರೀನ್‌ಶಾಟ್ ಎಷ್ಟು ವರ್ಷ ಓಡಾಡುತ್ತದೆ ಅಂತ ನಾನು ಹೇಳಬೇಕಿಲ್ಲ. ಕೆಳಗೆ ಸಹಿ ಹಾಕುವಾಗ ‘ಕುಟುಂಬದವರು’ ಅಂತ ಬರೆದರೆ ಅದರಲ್ಲಿ ಅವರು ಇದ್ದಾರೋ ಇಲ್ಲವೋ ಅನ್ನೋ ಪ್ರಶ್ನೆ ಏಳುತ್ತದೆ. ಅಮ್ಮ, ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು ಅಂತ ಬಿಡಿಸಿಯೇ ಹಾಕಿ. ತಂಗಿಯ ಹೆಸರು ಮಕ್ಕಳ ಸಾಲಿನಲ್ಲೇ ಬರಲಿ. ಹಳೇ ಕಾರ್ಡುಗಳಲ್ಲಿ ಮಗಳ ಹೆಸರು ಬಿಟ್ಟು ಅಳಿಯನ ಹೆಸರು ಮಾತ್ರ ಹಾಕುವ ರೂಢಿ ಇತ್ತು. ಅದನ್ನು ಇನ್ನೂ ಯಾಕೆ ಮುಂದುವರಿಸಬೇಕು?

ಇಷ್ಟೆಲ್ಲ ಸೇರಿಸಿ ನಿಮ್ಮ ವಿವರದಿಂದ ಒಂದು ಕರಡು ಮಾಡಿದ್ದೇನೆ. ಹೆಸರುಗಳ ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯ ಮಾತಿಗೆ ಹೊಂದುವಂತೆ ತಿದ್ದಿಕೊಳ್ಳಿ.

‘ನಮ್ಮ ಅಪ್ಪ ……… ಅವರು ಜುಲೈ …ರಂದು ತೀರಿಕೊಂಡರು. ಹದಿಮೂರನೇ ದಿನದ ಕಾರ್ಯಗಳು ಮುಗಿದವು. ಆ ದಿನಗಳಲ್ಲಿ ಹೇಳಲಾಗದ ಮಾತನ್ನು ಈಗ ಹೇಳುತ್ತಿದ್ದೇವೆ.

ಆಸ್ಪತ್ರೆಯಲ್ಲಿ ಅಪ್ಪನನ್ನು ನೋಡಿಕೊಂಡ ಡಾಕ್ಟರು, ನರ್ಸುಗಳಿಗೆ, ಗುರುತು ಪರಿಚಯ ಇಲ್ಲದಿದ್ದರೂ ಬಂದು ರಕ್ತ ಕೊಟ್ಟ ……… ಅವರಿಗೆ ನಾವು ಋಣಿ. ಆ ರಾತ್ರಿ ಮಳೆಯಲ್ಲಿ ಘಾಟಿ ಹತ್ತಿಸಿ, ಗಾಡಿ ಹೂತರೂ ನಮ್ಮನ್ನು ಬಿಟ್ಟು ಹೋಗದ ಆಂಬುಲೆನ್ಸಿನ ……… ಅವರಿಗೆ, ಆಗುಂಬೆಯಿಂದ ಮನೆಯವರೆಗೆ ದಾರಿ ತೋರಿಸುತ್ತಾ ಬಂದ ನಮ್ಮೂರಿನ ಹುಡುಗರಿಗೆ ಏನು ಹೇಳಿದರೂ ಕಡಿಮೆ.

ಮಳೆಗಾಲಕ್ಕೆ ಇಟ್ಟುಕೊಂಡ ಒಣ ಸೌದೆಯನ್ನು ತೆಗೆದುಕೊಟ್ಟ ಮೇಲಿನ ಕೇರಿಯ ಮನೆಗಳವರು, ಕೊಟ್ಟಿಗೆಯ ತಗಡು ಬಿಚ್ಚಿ ತಂದವರು, ಚಟ್ಟ ಕಟ್ಟಿದವರು, ಹೆಗಲು ಕೊಟ್ಟವರು, ಬೆಂಕಿ ಆರದ ಹಾಗೆ ಕೊನೆಯವರೆಗೆ ನಿಂತವರು, ಅಪ್ಪನ ಜೊತೆ ತೋಟದಲ್ಲಿ ದುಡಿದು ಅವರಿಗೆ ಕೊನೆಯ ಜಾಗವನ್ನೂ ಸರಿಮಾಡಿಕೊಟ್ಟವರು, ನಿಮ್ಮಿಂದ ಅಪ್ಪನ ಕೆಲಸ ಸಾಂಗವಾಗಿ ಆಯಿತು.

ನಮ್ಮ ಮನೆಯ ಒಲೆ ಹೊತ್ತದ ದಿನ ಊಟ ಕಳಿಸಿದ, ಅಮ್ಮನನ್ನು ಒಂದು ರಾತ್ರಿಯೂ ಒಂಟಿಯಾಗಿ ಬಿಡದ ಕೆಳಗಿನ ಕೇರಿಯ ಅಕ್ಕಂದಿರೇ, ಅತ್ತೆಯರೇ, ಇದನ್ನು ಅಮ್ಮ ನಿಮಗೆ ಹೇಳಿ ಅಂದಿದ್ದಾರೆ.

ಕಾರ್ಯಗಳನ್ನು ನಡೆಸಿಕೊಟ್ಟ ಪುರೋಹಿತರಿಗೆ, ಹದಿಮೂರರಂದು ಅಡುಗೆ ಮಾಡಿ ಬಡಿಸಿದವರಿಗೆ, ದೂರದಿಂದ ಬಂದ ನೆಂಟರಿಗೆ, ಮನೆಗೆ ಬಂದ ಸಂಘ ಸಂಸ್ಥೆಗಳ ಹಿರಿಯರಿಗೆ, ಜನಪ್ರತಿನಿಧಿಗಳಿಗೆ, ಬರಲಾಗದೆ ಇದ್ದಲ್ಲಿಂದಲೇ ಅಪ್ಪನನ್ನು ನೆನೆದ ಎಲ್ಲರಿಗೂ ನಮ್ಮ ನಮಸ್ಕಾರ. ಗಡಿಬಿಡಿಯಲ್ಲಿ ಕೆಲವರಿಗೆ ವಿಷಯ ತಿಳಿಸಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮ ………, ಮಕ್ಕಳು ………, ಸೊಸೆ ………, ಅಳಿಯ ………, ಮೊಮ್ಮಕ್ಕಳು’

ಇದರಲ್ಲಿ ಅಪ್ಪನ ಗುಣಗಾನ ಇಲ್ಲ ಅಂತ ಅಣ್ಣ ಕೇಳಬಹುದು. ಬೇಕಂತಲೇ ಬಿಟ್ಟಿದ್ದೇನೆ. ಅಪ್ಪನ ಬಗ್ಗೆ ಬರೆಯೋದು ಶ್ರದ್ಧಾಂಜಲಿಯಲ್ಲಿ. ಅದನ್ನು ಮಾಸಿಕದ ಹೊತ್ತಿಗೋ ವರ್ಷಾಂತಿಕಕ್ಕೋ ಬೇರೆಯಾಗಿ ಬರೆಯಿರಿ. ಎರಡನ್ನೂ ಒಂದರಲ್ಲಿ ತುಂಬಿದರೆ ಮೊದಲಿನ ಮೂರು ಪ್ಯಾರಾ ಅಪ್ಪನ ಜೀವನಚರಿತ್ರೆ ಆಗುತ್ತದೆ, ಸೌದೆ ಕೊಟ್ಟವರು ಕೊನೆಗೆ ಬರುತ್ತಾರೆ. ‘ದೈವಾಧೀನ’, ‘ಲಿಂಗೈಕ್ಯ’, ‘ಕೈಲಾಸವಾಸಿ’ ಇವುಗಳಲ್ಲಿ ನಿಮ್ಮ ಮನೆಯ ರೂಢಿ ಯಾವುದೋ ಅದನ್ನು ಹಾಕಿ. ನಾನು ‘ತೀರಿಕೊಂಡರು’ ಅಂತ ಬರೆದದ್ದು ನೀವು ಪ್ರಶ್ನೆಯಲ್ಲಿ ಹಾಗೆ ಬರೆದಿದ್ದರಿಂದ.

ಬರೆಯಬಾರದ್ದು ಕೆಲವು ಇವೆ. ದುಡ್ಡಿನ ಲೆಕ್ಕ ಬೇಡ. ಆಸ್ಪತ್ರೆ ಬಿಲ್ಲಿಗೆ ಕೈಸಾಲ ಕೊಟ್ಟವರ ಹೆಸರೂ ಬೇಡ, ಅವರಿಗೂ ಮನೆಯಲ್ಲಿ ಕೇಳುವವರಿರುತ್ತಾರೆ. ಕಾಯಿಲೆಯ ವಿವರ ಅಮ್ಮ ಬೇಡ ಅಂದರೆ ಬೇಡ. ಅಮ್ಮ ಇನ್ನು ಊರಿನಲ್ಲಿ ಒಬ್ಬರೇ ಇರುತ್ತಾರೆ, ನಾವು ಇಂಥ ದಿನ ಬೆಂಗಳೂರಿಗೆ ಹೊರಡುತ್ತೇವೆ ಅನ್ನೋದನ್ನಂತೂ ಯಾವ ಕಾರಣಕ್ಕೂ ಬರೆಯಬೇಡಿ. ಒಂಟಿ ಮನೆ, ತೋಟದ ನಡುವೆ, ಒಬ್ಬರೇ ವಯಸ್ಸಾದವರು. ಇದನ್ನು ಊರಿಗೆಲ್ಲ ಸಾರಬೇಕಾ? ಅಪ್ಪನ ಹುಟ್ಟಿದ ದಿನಾಂಕ, ಆಧಾರ್, ಮರಣ ಪ್ರಮಾಣಪತ್ರದ ಫೋಟೋ ಕೂಡ ಹಾಕಬಾರದು. ಬ್ಯಾಂಕು, ಸೊಸೈಟಿ, ಎಲ್‌ಐಸಿ ಕೆಲಸ ಮುಗಿಯುವವರೆಗೆ ಇವೆಲ್ಲ ಮೋಸ ಮಾಡುವವರಿಗೆ ಬೇಕಾದ ಸರಕು. ಪ್ರಮಾಣಪತ್ರದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮರಣ ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗೋದು. ನಿಮ್ಮ ಅಪ್ಪನದ್ದು ಮಣಿಪಾಲದ ಕಡೆ ಆಗಿರುತ್ತದೆ, ನಿಮ್ಮ ಊರಿನಲ್ಲಿ ಅಲ್ಲ. ಆಸ್ಪತ್ರೆಯಲ್ಲಿ ಆದ ಸಾವನ್ನು ಆಸ್ಪತ್ರೆಯವರೇ ತಿಳಿಸಬೇಕು. ಅದಕ್ಕೆ 21 ದಿನದ ಗಡುವಿದೆ. ಆದರೂ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇದ್ದಂತೆ ಹೋಗಿದೆಯಾ ಅಂತ ಒಮ್ಮೆ ವಿಚಾರಿಸಿ.

ಹಾಕುವ ರೀತಿಯ ಬಗ್ಗೆ ಎರಡು ಮಾತು. ಫೋಟೋದೊಳಗೆ ಅಕ್ಷರ ಜೋಡಿಸಿ ಹಾರ ಹಾಕಿದ ಕಾರ್ಡು ಮಾಡಿಸಬೇಡಿ. ಅದರಲ್ಲಿ ಹೆಸರು ತಪ್ಪಿದರೆ ಮತ್ತೆ ಮಾಡಿಸಬೇಕು. ಅಷ್ಟರಲ್ಲಿ ಮೊದಲಿನದ್ದು ಹತ್ತು ಗ್ರೂಪಿಗೆ ಹೋಗಿರುತ್ತದೆ. ಅಪ್ಪನ ಒಂದು ಫೋಟೋ ಹಾಕಿ, ಮಾತನ್ನು ಬರಹವಾಗಿಯೇ ಕೆಳಗೆ ಹಾಕಿ. ಕರಡನ್ನು ಪ್ರೆಸ್ಸಿನಲ್ಲಿ ಟೈಪ್ ಮಾಡಿಸಿದರೆ ಯುನಿಕೋಡ್‌ನಲ್ಲಿ ಮಾಡಿಕೊಡಿ ಅಂತ ಹೇಳಿ. ಹಳೇ ನುಡಿ ಫಾಂಟಿನಲ್ಲಿ ಮಾಡಿದ್ದನ್ನು ವಾಟ್ಸಾಪಿಗೆ ತಂದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಉದ್ದ ಮೆಸೇಜನ್ನು ವಾಟ್ಸಾಪ್ ಅರ್ಧಕ್ಕೆ ಮಡಚುತ್ತದೆ, ಉಳಿದದ್ದನ್ನು ನೋಡಲು Read more ಒತ್ತಬೇಕು. ವಯಸ್ಸಾದವರು ಎಷ್ಟೋ ಜನ ಒತ್ತಲ್ಲ. ಹಾಗಾಗಿ ಊರಿನ ಗ್ರೂಪಿಗೆ ಇಡೀ ಕರಡನ್ನು ಒಂದೇ ಮೆಸೇಜಾಗಿ ಹಾಕುವ ಬದಲು ಎರಡು ತುಂಡು ಮಾಡಿ, ಸೌದೆಯ ಪ್ಯಾರಾದಿಂದ ಎರಡನೆಯದು ಶುರುವಾಗಲಿ. ಸ್ಟೇಟಸ್‌ನಲ್ಲಿ ಮಾತ್ರ ಹಾಕಿ ಸುಮ್ಮನಾಗಬೇಡಿ, ಅದು 24 ಗಂಟೆಗೆ ಹೋಗುತ್ತದೆ, ಆ ದಿನ ಕರೆಂಟಿಲ್ಲದ ಮನೆಗೆ ಸಿಗುವುದೇ ಇಲ್ಲ.

ಕಳಿಸುವ ಮುಂಚೆ ಅಮ್ಮನಿಗೆ ಪೂರ್ತಿ ಓದಿ ಹೇಳಿ. ಫೋನಿನಲ್ಲಿ ತೋರಿಸೋದಲ್ಲ, ಗಟ್ಟಿಯಾಗಿ ಓದಿ. ಎಲ್ಲಿ ಅವರು ‘ಅಯ್ಯೋ, ಅವಳನ್ನು ಬಿಟ್ಟೆಯಲ್ಲ’ ಅನ್ನುತ್ತಾರೋ ಅಲ್ಲಿ ಸೇರಿಸಿ. ಎಲ್ಲಿ ಸುಮ್ಮನಾಗುತ್ತಾರೋ ಅಲ್ಲಿ ಕೇಳಿ, ಬೇಡವಾದದ್ದು ಏನೋ ಇರುತ್ತದೆ.

ಸೌದೆ ಕೊಟ್ಟ ಮನೆಗಳಿಗೆ, ತಗಡು ಬಿಚ್ಚಿದವರಿಗೆ, ಅಮ್ಮನ ಜೊತೆ ಮಲಗಿದ ಮೂವರಿಗೆ ಪೋಸ್ಟ್ ಸಾಲದು. ಅಲ್ಲಿಗೆ ನೀವು ಮತ್ತು ಅಣ್ಣ ಹೋಗಿ ಬರಬೇಕು, ಪೋಸ್ಟ್ ಹಾಕುವ ಮುಂಚೆಯೇ. ಫೋನಿನಲ್ಲಿ ಓದಿದ ಮೇಲೆ ನೀವು ಬಾಗಿಲಿಗೆ ಹೋದರೆ ಅದು ಎರಡನೇ ಸಲ ಹೇಳಿದ ಹಾಗೆ ಇರುತ್ತದೆ. ತಗಡನ್ನು ವಾಪಸ್ ಹೊಂದಿಸಿ ಮೊಳೆ ಹೊಡೆಸಿಕೊಟ್ಟಿದ್ದೀರಾ, ಅದನ್ನೂ ನೋಡಿಕೊಳ್ಳಿ. ಸೌದೆಯನ್ನು ಮುಂದಿನ ಬೇಸಿಗೆಯಲ್ಲಿ ಒಡೆಸುವಾಗ ಆ ಮೂರು ಮನೆಗೂ ಒಂದೊಂದು ಲೋಡು ಇಳಿಸಿ. ದುಡ್ಡು ಕೊಡಲು ಹೋಗಬೇಡಿ, ತಗೊಳ್ಳಲ್ಲ, ಬೇಜಾರೂ ಮಾಡಿಕೊಳ್ಳುತ್ತಾರೆ.

ಇಷ್ಟು ಮಾಡಿದರೂ ಯಾರೋ ಒಬ್ಬರು ‘ನಮ್ಮನ್ನು ಮರೆತಿರಿ’ ಅನ್ನುತ್ತಾರೆ. ಆಗ ಫೇಸ್‌ಬುಕ್‌ನಲ್ಲಾದರೆ ಪೋಸ್ಟನ್ನೇ ತಿದ್ದಿ ಅವರು ಮಾಡಿದ ಕೆಲಸವನ್ನು ಸೇರಿಸಿ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ಮಾತ್ರ ತಿದ್ದಬಹುದು. ಅದು ದಾಟಿದ್ದರೆ ಗ್ರೂಪಿನಲ್ಲಿ ‘ಬಿಟ್ಟುಹೋಗಿತ್ತು’ ಅಂತ ಇನ್ನೊಂದು ಮೆಸೇಜ್ ಹಾಕಬೇಡಿ, ಅದನ್ನು ನೋಡಿ ಇನ್ನೂ ನಾಲ್ಕು ಜನರಿಗೆ ತಮ್ಮದೂ ಬಿಟ್ಟಿದೆ ಅಂತ ನೆನಪಾಗುತ್ತದೆ. ಅವರ ಮನೆಗೇ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಕೆಳಗೆ ಬರುವ ‘ಓಂ ಶಾಂತಿ’ಗಳಿಗೆಲ್ಲ ಒಂದೊಂದಾಗಿ ಉತ್ತರ ಕೊಡಬೇಕಿಲ್ಲ. ಆದರೆ ಅಪ್ಪನ ಬಗ್ಗೆ ಯಾರಾದರೂ ಒಂದು ಘಟನೆ ಬರೆದಿದ್ದರೆ ಅದನ್ನು ಕಾಪಿ ಮಾಡಿ ಇಟ್ಟುಕೊಳ್ಳಿ. ವರ್ಷಾಂತಿಕಕ್ಕೆ ಶ್ರದ್ಧಾಂಜಲಿ ಬರೆಯಲು ಕೂತಾಗ ಬೇಕಾಗುತ್ತದೆ.